ಬಾಟಲಿಯ ಪುದೀನಾ ನೀರು ಹಸಿರಾಗುವುದು ಯಾಕೆ, ಏನು ಮಾಡಬೇಕು

ಪ್ರಶ್ನೆ: ಎರಡು ಲೀಟರಿನ ಹಳೆಯ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಪುದೀನಾ ಮತ್ತು ಪಾಲಕ್ ಹಾಕಿದ್ದೇನೆ. ಮಣ್ಣಿಲ್ಲ, ಬರೀ ನೀರು ಮತ್ತು ಎ, ಬಿ ಅಂತ ಎರಡು ಡಬ್ಬಿಯಲ್ಲಿ ಬರುವ ಪೋಷಕಾಂಶ. ಹತ್ತೇ ದಿನಕ್ಕೆ ನೀರು ಹಸಿರಾಯಿತು, ಬೇರಿಗೆ ಲೋಳೆ ಕಟ್ಟಿದೆ. ಕಪ್ಪು ಬಟ್ಟೆ ಸುತ್ತಿದ್ದೇನೆ, ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತೇನೆ, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹಾಕಿ ನೋಡಿದೆ. ಎರಡು ದಿನ ತಿಳಿಯಾಗಿರುತ್ತೆ, ಮತ್ತೆ ಹಸಿರು. ಎಲ್ಲಿ ತಪ್ಪುತ್ತಿದ್ದೇನೆ? ಈ ಗಿಡ ಉಳಿಯುತ್ತದಾ?

ಉತ್ತರ: ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಗಿಡವನ್ನು ಮೆಲ್ಲಗೆ ಎತ್ತಿ ಒಂದು ಪಾತ್ರೆಯ ನೀರಿನಲ್ಲಿಡಿ. ಬಾಟಲಿ ಖಾಲಿ ಮಾಡಿ, ಸುತ್ತಿದ ಬಟ್ಟೆ ಹಾಗೇ ಇರಲಿ. ಕೋಣೆಯ ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಎರಡು ನಿಮಿಷ ಸುಮ್ನೆ ನಿಂತುಕೊಳ್ಳಿ. ಆಮೇಲೆ ಮೊಬೈಲಿನ ಟಾರ್ಚ್ ಹಾಕಿ ಬಾಟಲಿಯ ಬಾಯಿಗೆ ಒತ್ತಿ ಹಿಡಿದು, ಹೊರಗಿನಿಂದ ಬಾಟಲಿಯನ್ನು ನೋಡಿ.

ಬಟ್ಟೆಯ ಒಂದೊಂದು ಎಳೆಯ ನಡುವಿನಿಂದಲೂ ಬೆಳಕು ಬರುತ್ತಿರುತ್ತದೆ, ಇಡೀ ಬಾಟಲಿ ಮಂದವಾಗಿ ಹೊಳೆಯುತ್ತದೆ. ಬಟ್ಟೆ ಮುಗಿಯುವ ಕತ್ತಿನ ಹತ್ತಿರ ಒಂದು ಪ್ರಕಾಶದ ಉಂಗುರ ಕಾಣಬಹುದು. ಬಾಟಲಿ ಎತ್ತಿ ತಳ ನೋಡಿ, ಅಲ್ಲಿ ಬಹುಶಃ ಏನೂ ಸುತ್ತಿಲ್ಲ. ಈಗ ಹೊರಗೆ ಬರುತ್ತಿರುವ ಬೆಳಕು ಹಗಲಿನಲ್ಲಿ ಇದೇ ದಾರಿಯಲ್ಲಿ ಒಳಗೆ ಹೋಗುತ್ತದೆ. ನಿಮ್ಮ ಪಾಚಿಗೆ ಕಾರಣ ಅದೇ. ಕಪ್ಪು ಬಣ್ಣ ನೋಡಿದರೆ ಕತ್ತಲೆ ಆಯಿತು ಅಂತ ನಮ್ಮ ಕಣ್ಣಿಗೆ ಅನ್ನಿಸುತ್ತದೆ. ಆದರೆ ಒಂದೇ ಪದರದ ತೆಳು ಬಟ್ಟೆ ಕಿಟಕಿಯ ಬಿಸಿಲಿಗೆ ಏನೂ ಅಲ್ಲ. ಪಾಚಿಗೆ ಗಿಡದಷ್ಟು ಬೆಳಕು ಬೇಡ, ಅದರ ಸಣ್ಣ ಪಾಲು ಸಿಕ್ಕರೂ ಬದುಕಿಕೊಳ್ಳುತ್ತದೆ.

ಪಾಚಿಗೆ ಬೇಕಾದದ್ದು ಮೂರು: ನೀರು, ಪೋಷಕಾಂಶ, ಬೆಳಕು. ಮೊದಲಿನ ಎರಡನ್ನು ನಾವೇ ಗಿಡಕ್ಕಾಗಿ ಕೊಡುತ್ತಿದ್ದೇವೆ, ತೆಗೆಯುವ ಹಾಗಿಲ್ಲ. ಉಳಿದದ್ದು ಬೆಳಕು ಒಂದೇ. ಬೆಳಕು ಬೇಕಾಗಿರುವುದು ಎಲೆಗೆ, ಬೇರಿಗೆ ಬೇಡವೇ ಬೇಡ. ಹಾಗಾಗಿ ಅದನ್ನು ತಡೆದರೆ ಗಿಡಕ್ಕೆ ಏನೂ ನಷ್ಟವಿಲ್ಲ. ನೀರು ಬದಲಿಸುವುದು, ಔಷಧಿ ಹಾಕುವುದು ಎಲ್ಲ ಇದರ ನಂತರದ ಮಾತು.

ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತೀರಲ್ಲ, ಅದರಿಂದ ಪಾಚಿಗೇ ಒಳ್ಳೆಯದಾಗುತ್ತಿದೆ. ತೇಲುವ ಪಾಚಿ ಚೆಲ್ಲಿಹೋಗುತ್ತದೆ, ಗೋಡೆಗೆ ಅಂಟಿದ್ದು ಹಾಗೇ ಉಳಿಯುತ್ತದೆ. ಬಾಟಲಿಯ ಒಳಗೋಡೆಗೆ ಬೆರಳು ಉಜ್ಜಿ ನೋಡಿ, ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ಜಾರುವುದು ಗೊತ್ತಾಗುತ್ತದೆ. ಆ ಪದರಕ್ಕೆ ನೀವು ಪ್ರತಿ ಮೂರು ದಿನಕ್ಕೆ ಹೊಸ ಗೊಬ್ಬರದ ನೀರು ಕೊಡುತ್ತಿದ್ದೀರಿ. ಪೆರಾಕ್ಸೈಡ್ ಕಥೆಯೂ ಹೀಗೇ. ಅದು ಪಾಚಿಯನ್ನು ಸುಡುವುದು ನಿಜ. ಆದರೆ ಒಂದೆರಡು ದಿನದಲ್ಲಿ ಒಡೆದು ನೀರು ಮತ್ತು ಆಮ್ಲಜನಕ ಆಗಿಬಿಡುತ್ತದೆ. ಗೋಡೆಯಲ್ಲಿ ಉಳಿದದ್ದು ಬೆಳಕು ಕಂಡು ಮತ್ತೆ ಹಬ್ಬುತ್ತದೆ. ಜಾಸ್ತಿ ಸಲ ಹಾಕಿದರೆ ಪಾಚಿಯ ಜೊತೆ ಬೇರಿನ ಎಳೆ ತುದಿಗಳೂ ಸುಡುತ್ತವೆ. ಗಿಡ ನೀರು ಕುಡಿಯುವುದು ಹೆಚ್ಚಾಗಿ ಆ ತುದಿಗಳ ಹತ್ತಿರದ ಭಾಗದಿಂದ, ಅಲ್ವಾ?

ಪಾಚಿ ಗಿಡದ ಊಟ ಕದಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕದಿಯುತ್ತದೆ, ಆದರೆ ನನ್ನ ಪ್ರಕಾರ ಅದು ಸಣ್ಣ ತೊಂದರೆ. ದೊಡ್ಡದು ಉಸಿರಿನದು. ಹಗಲಿನಲ್ಲಿ ಪಾಚಿ ನೀರಿಗೆ ಆಮ್ಲಜನಕ ಬಿಡುತ್ತದೆ. ಬಾಟಲಿಯ ಗೋಡೆಗೆ ಅಂಟಿದ ಸಣ್ಣ ಸಣ್ಣ ಗುಳ್ಳೆಗಳನ್ನು ನೀವೂ ನೋಡಿರಬಹುದು. ಕತ್ತಲಾದ ಮೇಲೆ ಅದೇ ಪಾಚಿ ಆಮ್ಲಜನಕವನ್ನು ವಾಪಸ್ ಎಳೆದುಕೊಳ್ಳುತ್ತದೆ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಲೀಟರ್ ನೀರು ಹಿಡಿದಿಡುವ ಆಮ್ಲಜನಕ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ. ಪಂಪು ಇಲ್ಲದ, ಅಲುಗಾಡದ ಬಾಟಲಿಯಲ್ಲಿ ಆ ಚಿಟಿಕೆಯಷ್ಟಕ್ಕೆ ಬೇರು, ಪಾಚಿ ಎರಡೂ ರಾತ್ರಿಯಿಡೀ ಪೈಪೋಟಿ ಮಾಡುತ್ತವೆ. ಸತ್ತ ಪಾಚಿ ತಳಕ್ಕೆ ಬಿದ್ದು ಕೊಳೆಯುವಾಗ ಇನ್ನಷ್ಟು ಆಮ್ಲಜನಕ ಹೋಗುತ್ತದೆ. ಉಸಿರು ಕಟ್ಟಿದ ಬೇರಿಗೆ ಕೊಳೆರೋಗ ಬೇಗ ಹತ್ತುತ್ತದೆ.

ಇನ್ನೊಂದು ಗುರುತು ಪಿಎಚ್. ಪಾಚಿ ಹಗಲಿನಲ್ಲಿ ನೀರಿನ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುವುದರಿಂದ ಸಂಜೆಗೆ ಪಿಎಚ್ ಏರುತ್ತದೆ, ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ. ನಿಮ್ಮ ಹತ್ತಿರ ಮೀಟರ್ ಇದ್ದರೆ ಸೂರ್ಯ ಹುಟ್ಟುವ ಹೊತ್ತಿಗೊಮ್ಮೆ, ಮುಳುಗುವ ಮೊದಲೊಮ್ಮೆ ಅಳೆದು ನೋಡಿ. ದಿನದಿನಕ್ಕೆ ನಿಧಾನವಾಗಿ ಏರುತ್ತಿದ್ದರೆ ಅದು ಗಿಡ ನೈಟ್ರೇಟ್ ತಿನ್ನುತ್ತಿರುವ ಲಕ್ಷಣ, ಚಿಂತೆ ಬೇಡ. ಒಂದೇ ದಿನದಲ್ಲಿ 0.5ಕ್ಕಿಂತ ಹೆಚ್ಚು ಏರಿ ಇಳಿಯುತ್ತಿದ್ದರೆ ಒಳಗೆ ಪಾಚಿ ಕೆಲಸ ಮಾಡುತ್ತಿದೆ ಅಂತ ತಿಳಿಯಿರಿ, ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಸರಿ. ಹೀಗೆ ಪಿಎಚ್ ಮೇಲೆ ಹೋದಾಗ ಕಬ್ಬಿಣ ಗಿಡಕ್ಕೆ ಸಿಗುವುದಿಲ್ಲ. ಅಷ್ಟೇ ಅಲ್ಲ, ದ್ರಾವಣದಲ್ಲಿ ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಕೀಲೇಟ್ ಬೆಳಕು ಬಿದ್ದರೆ ತಾನಾಗಿಯೇ ಒಡೆಯುತ್ತದೆ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಈ ಕೊರತೆ. ಬಹಳ ಜನ ಇದನ್ನು ನೋಡಿ ಗೊಬ್ಬರ ಜಾಸ್ತಿ ಮಾಡುತ್ತಾರೆ. ಮಾಡಬೇಡಿ. ಬಾಟಲಿ ಮುಚ್ಚಿ, ದ್ರಾವಣ ಒಮ್ಮೆ ಹೊಸದು ಮಾಡಿ, ಮುಂದಿನ ಚಿಗುರು ಹಸಿರಾಗಿಯೇ ಬರುತ್ತದೆ.

ಈಗ ಗಿಡ ಉಳಿಯುತ್ತದಾ ಅನ್ನುವ ಮಾತಿಗೆ ಬರೋಣ. ಅದನ್ನು ಗಿಡದ ಬೇರೇ ಹೇಳಬೇಕು. ಬೇರನ್ನು ತಿಳಿನೀರಿನಲ್ಲಿ ಅದ್ದಿ, ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಕೆಳಗೆ ಎಳೆಯಿರಿ. ಹಸಿರು ಲೋಳೆ ಬೆರಳಿಗೆ ಬಂದು, ಒಳಗಿನಿಂದ ಬಿಳಿಯ ಅಥವಾ ಕೆನೆ ಬಣ್ಣದ ಗಟ್ಟಿ ಬೇರು ಕಂಡರೆ ಅದು ಬರೀ ಪಾಚಿ, ಗಿಡ ಚೆನ್ನಾಗಿದೆ. ವಾಸನೆ ಕೆರೆಯಂಚಿನ ಒದ್ದೆ ಮಣ್ಣಿನ ಹಾಗೆ ಇರುತ್ತದೆ. ಎಳೆದಾಗ ಬೇರಿನ ಸಿಪ್ಪೆಯೇ ಕಾಲುಚೀಲದ ಹಾಗೆ ಕಳಚಿ ಬಂದು, ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಅದು ಕೊಳೆರೋಗ. ಪಿಥಿಯಂ ಅನ್ನುವ ಸೂಕ್ಷ್ಮಜೀವಿಯ ಕೆಲಸ ಹೆಚ್ಚಾಗಿ ಹೀಗೇ ಇರುತ್ತದೆ. ಅದರ ಬಣ್ಣ ಕಂದು, ವಾಸನೆ ಕೊಳೆತ ತರಕಾರಿಯದು. ಬೇರು ಗಟ್ಟಿಯಾಗಿದ್ದು ಬಣ್ಣ ಮಾತ್ರ ತಿಳಿ ಕಂದಾಗಿದ್ದರೆ ಅದು ಪೋಷಕಾಂಶದ ಕಲೆ ಅಷ್ಟೇ, ರೋಗವಲ್ಲ.

ಬರೀ ಪಾಚಿಯಾಗಿದ್ದರೆ ಬೇರನ್ನು ಕೋಣೆಯ ಶಾಖದ ನೀರಿನಲ್ಲಿ ನಾಲ್ಕೈದು ಸಲ ಅದ್ದಿ ಅಲುಗಾಡಿಸಿ ತೊಳೆಯಿರಿ. ಉಜ್ಜಬೇಡಿ. ಸ್ವಲ್ಪ ಹಸಿರು ಉಳಿದರೆ ಉಳಿಯಲಿ, ಕತ್ತಲೆಯಲ್ಲಿ ಅದು ಬೆಳೆಯುವುದಿಲ್ಲ. ಪೆರಾಕ್ಸೈಡ್ ಬಳಸುವುದಾದರೆ ಇಲ್ಲಿ ಒಮ್ಮೆ ಬಳಸಿ: ಶೇಕಡಾ 3ರದ್ದು 10 ಮಿ.ಲೀ., ಒಂದು ಲೀಟರ್ ನೀರಿಗೆ. ಅದರಲ್ಲಿ ಬೇರನ್ನು ಐದು ನಿಮಿಷ ಇಟ್ಟು, ಮತ್ತೆ ಸಾದಾ ನೀರಿನಲ್ಲಿ ಅದ್ದಿ ತೆಗೆಯಿರಿ. ಬಾಟಲಿಯ ಮೇಲೆ ಶೇಕಡಾ 6 ಅಂತ ಬರೆದಿದ್ದರೆ 5 ಮಿ.ಲೀ. ಸಾಕು. ಇದನ್ನೆಲ್ಲ ಸಂಜೆ ಮಾಡಿ, ರಾತ್ರಿಯಿಡೀ ಗಿಡಕ್ಕೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ.

ಕೊಳೆತಿದ್ದರೆ ಪುದೀನಾ, ಪಾಲಕ್ ಎರಡಕ್ಕೂ ಬೇರೆ ಬೇರೆ ಉತ್ತರ. ಪುದೀನಾ ಬೇರನ್ನು ಉಳಿಸಲು ಒದ್ದಾಡಬೇಡಿ. ಮೇಲಿನ ಕಾಂಡ ಹಸಿರಾಗಿದೆ ತಾನೇ? ತುದಿಯಿಂದ 10 ರಿಂದ 12 ಸೆಂಟಿಮೀಟರ್ ಉದ್ದಕ್ಕೆ, ಒಂದು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳಗಿನ ಎರಡು ಜೋಡಿ ಎಲೆ ತೆಗೆಯಿರಿ. ಹೂವು ಬಂದ ಕಡ್ಡಿ ಬೇಡ, ಎಳೆಯ ಚಿಗುರು ಬೇಗ ಬೇರು ಬಿಡುತ್ತದೆ. ಒಂದು ಲೋಟ ಸಾದಾ ನೀರಿನಲ್ಲಿ ನಿಲ್ಲಿಸಿದರೆ ಹೆಚ್ಚಾಗಿ ಒಂದು ವಾರ, ಹತ್ತು ದಿನದಲ್ಲಿ ಗೆಣ್ಣಿನಿಂದ ಬಿಳಿ ಬೇರು ಇಳಿಯುತ್ತದೆ. ಈ ಹಂತದಲ್ಲಿ ಪೋಷಕಾಂಶ ಹಾಕಬೇಡಿ. ಬೇರಿಲ್ಲದ ಕಡ್ಡಿ ಅದನ್ನು ಬಳಸುವುದಿಲ್ಲ, ಲೋಟದಲ್ಲಿ ಪಾಚಿ ಮಾತ್ರ ಬೆಳೆಯುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಲೋಟಕ್ಕೂ ಏನಾದರೂ ಸುತ್ತಿ. ಬೇರು ಮೂರು ನಾಲ್ಕು ಸೆಂಟಿಮೀಟರ್ ಆದಾಗ ಬಾಟಲಿಗೆ ಹಾಕಿ. ಪಾಲಕ್ ಹೀಗೆ ಕಡ್ಡಿಯಿಂದ ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಬೇರು ಕಳಚುತ್ತಿದ್ದರೆ ಆ ಗಿಡ ತೆಗೆದುಬಿಟ್ಟು ಹೊಸದಾಗಿ ಬಿತ್ತುವುದೇ ಸರಿ.

ಹಳೆಯ ಬಾಟಲಿಯನ್ನೇ ಬಳಸಬಹುದು, ಆದರೆ ಒಳಗೋಡೆಯ ಪದರ ಪೂರ್ತಿ ಹೋಗಬೇಕು. ಕುದಿಯುವ ನೀರು ಹಾಕಬೇಡಿ, ಈ ಪ್ಲಾಸ್ಟಿಕ್ ಸುರುಟಿಕೊಳ್ಳುತ್ತದೆ. ಕತ್ತು ಕಿರಿದಾಗಿದ್ದು ಬ್ರಷ್ ಹೋಗದಿದ್ದರೆ ಒಂದು ಹಿಡಿ ದಪ್ಪ ಮರಳು, ಸ್ವಲ್ಪ ನೀರು ಹಾಕಿ ಜೋರಾಗಿ ತಿರುಗಿಸಿ. ಆಮೇಲೆ ವಾಸನೆ, ಬಣ್ಣ ಸೇರಿಸದ ಸಾದಾ ಬ್ಲೀಚ್ 10 ಮಿ.ಲೀ. ಒಂದು ಲೀಟರ್ ನೀರಿಗೆ ಬೆರೆಸಿ, ಹದಿನೈದು ನಿಮಿಷ ತುಂಬಿಸಿಡಿ. ಮೂರು ಸಲ ತೊಳೆದು, ವಾಸನೆ ಹೋಗುವವರೆಗೆ ಒಣಗಿಸಿ. ಬ್ಲೀಚಿನ ಜೊತೆ ವಿನೆಗರ್ ಅಥವಾ ಬೇರೆ ಯಾವ ಕ್ಲೀನರೂ ಸೇರಬಾರದು, ವಿಷದ ಗಾಳಿ ಏಳುತ್ತದೆ. ಕೀಟನಾಶಕ, ಎಣ್ಣೆ, ಸ್ವಚ್ಛತೆಯ ದ್ರವ ತುಂಬಿದ್ದ ಬಾಟಲಿಗಳನ್ನು ಎಷ್ಟು ತೊಳೆದರೂ ಬಳಸಬೇಡಿ. ನೀವು ಎಲೆ ತಿನ್ನುತ್ತೀರಿ.

ಮುಚ್ಚುವ ವಿಷಯದಲ್ಲಿ ನಾನು ಕಲಿತದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಮ್ಮೆ ಒಂದೇ ಕಿಟಕಿಯಲ್ಲಿ, ಒಂದೇ ತಾಯಿಗಿಡದ ಪುದೀನಾ ಕಡ್ಡಿ ಹಾಕಿದ ಮೂರು ಬಾಟಲಿ ಇಟ್ಟಿದ್ದೆ. ದ್ರಾವಣವೂ ಒಂದೇ. ಮೊದಲನೆಯದಕ್ಕೆ ಏನೂ ಸುತ್ತಲಿಲ್ಲ. ಎರಡನೆಯದಕ್ಕೆ ನಿಮ್ಮ ಹಾಗೆ ಕಪ್ಪು ಬಟ್ಟೆ, ಒಂದು ಪದರ. ಮೂರನೆಯದಕ್ಕೆ ಅಲ್ಯೂಮಿನಿಯಂ ಫಾಯಿಲ್, ಎರಡು ಪದರ, ತಳಕ್ಕೂ ಸೇರಿಸಿ. ಮೊದಲನೆಯದು ಎಂಟನೇ ದಿನಕ್ಕೆ ತಿಳಿ ಹಸಿರಾಯಿತು, ಎರಡನೇ ವಾರದ ಕೊನೆಗೆ ಆಚೆ ಬದಿ ಕಾಣದಷ್ಟು ಆಯಿತು. ಬಟ್ಟೆಯ ಬಾಟಲಿಯ ನೀರು ಹಸಿರಾಗಲಿಲ್ಲ, ನಾನು ಗೆದ್ದೆ ಅಂದುಕೊಂಡಿದ್ದೆ. ಮೂರನೇ ವಾರ ಬಟ್ಟೆ ಬಿಚ್ಚಿದರೆ ಕಿಟಕಿಯ ಕಡೆಗಿದ್ದ ಗೋಡೆಗೆ ಹಸಿರು ತೊಗಲಿನಂಥ ಪದರ. ಗೋಡೆಯ ಆ ಬದಿಯಲ್ಲಿ ಮಾತ್ರ, ಇನ್ನೊಂದು ಬದಿ ಸ್ವಚ್ಛ. ಬೆಳಕು ಎಲ್ಲಿಂದ ಬರುತ್ತಿತ್ತು ಅನ್ನುವುದನ್ನು ಪಾಚಿಯೇ ಗೆರೆ ಹಾಕಿ ತೋರಿಸಿತ್ತು.

ಫಾಯಿಲ್ ಸುತ್ತಿದ ಬಾಟಲಿಯ ನೀರು ಐದು ವಾರ ತಿಳಿಯಾಗಿಯೇ ಇತ್ತು. ಆದರೆ ಅದರಲ್ಲೂ ಒಂದು ಕಡೆ ನಾನು ತಪ್ಪಿದ್ದೆ. ಕತ್ತಿನ ಹತ್ತಿರ ಫಾಯಿಲ್ ಒಂದು ಬೆರಳಿನಷ್ಟು ಕಡಿಮೆ ಬಿದ್ದಿತ್ತು. ಆ ಒಂದು ಬೆರಳಗಲಕ್ಕೆ ಸರಿಯಾಗಿ ಹಸಿರು ಉಂಗುರ ಕಟ್ಟಿತ್ತು. ಗಿಡ ಕೂರಿಸಿದ ಸ್ಪಾಂಜಿನ ಮೇಲ್ಮೈಯೂ ಹಸಿರಾಗಿತ್ತು, ಅದರ ಸುತ್ತ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿದ್ದವು. ಒದ್ದೆ ಪಾಚಿ ಕಂಡರೆ ಅವು ಮೊಟ್ಟೆ ಇಡಲು ಬರುತ್ತವೆ, ಅವುಗಳ ಮರಿಹುಳು ಎಳೆ ಬೇರನ್ನೂ ಮೇಯುತ್ತದೆ. ಬಾಟಲಿಯ ಹೊಟ್ಟೆಯನ್ನು ಎಲ್ಲರೂ ಚೆನ್ನಾಗಿ ಮುಚ್ಚುತ್ತಾರೆ. ಬಿಟ್ಟುಹೋಗುವುದು ಕತ್ತು, ತಳ ಮತ್ತು ಸ್ಪಾಂಜು, ಈ ಮೂರು ಜಾಗ.

ಈಗ ನಾನು ಮಾಡುವುದು ಹೀಗೆ. ಎರಡು ಲೀಟರಿನ ಬಾಟಲಿಯ ಭುಜ ಮುಗಿದು ನೇರ ಗೋಡೆ ಶುರುವಾಗುವ ಕಡೆ ಅಡ್ಡಲಾಗಿ ಕತ್ತರಿಸುತ್ತೇನೆ. ಮೇಲಿನ ತುಂಡನ್ನು ಮುಚ್ಚಳ ತೆಗೆದು, ತಲೆಕೆಳಗು ಮಾಡಿ, ಕೆಳಗಿನ ತುಂಡಿನಲ್ಲಿ ಲಾಳಿಕೆಯ ಹಾಗೆ ಕೂರಿಸುತ್ತೇನೆ. ಗಿಡದ ಕಾಂಡಕ್ಕೆ ಸ್ಪಾಂಜು ಸುತ್ತಿ ಲಾಳಿಕೆಯ ಬಾಯಿಯಲ್ಲಿ ನಿಲ್ಲಿಸಿದರೆ ಬೇರು ಕೆಳಗೆ ಇಳಿಯುತ್ತದೆ. ಹತ್ತಿ ಬಳಸಬೇಡಿ, ನೆನೆದು ಕೊಳೆಯುತ್ತದೆ. ಕೆಳಗಿನ ತುಂಡಿಗೆ ಹೊರಗಿನಿಂದ ಕಪ್ಪು ಬಣ್ಣ ಎರಡು ಸಲ, ಅದು ಒಣಗಿದ ಮೇಲೆ ಬಿಳಿ ಬಣ್ಣ ಒಂದು ಸಲ. ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಶಾಖವನ್ನು ತಡೆಯುತ್ತದೆ. ಬರೀ ಕಪ್ಪು ಬಳಿದು ಬಿಸಿಲಿಗೆ ಇಟ್ಟರೆ ಆ ಒಂದೂವರೆ ಲೀಟರ್ ನೀರು ಮಧ್ಯಾಹ್ನದೊಳಗೆ ಚೆನ್ನಾಗಿ ಕಾಯುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಕೊಳೆರೋಗ ಜಾಸ್ತಿ. ಬಣ್ಣ ಬೇಡವೆಂದರೆ ಫಾಯಿಲ್ ಎರಡು ಪದರ ಸುತ್ತಿ, ಮೇಲೆ ಅಗಲ ಟೇಪು ಅಂಟಿಸಿ. ಟೇಪಿಲ್ಲದಿದ್ದರೆ ಒದ್ದೆ ಕೈ ತಾಗಿ ವಾರದೊಳಗೆ ಹರಿಯುತ್ತದೆ.

ಲಾಳಿಕೆಗೂ ಫಾಯಿಲ್ ಬೇಕು. ಸ್ಪಾಂಜಿನ ಮೇಲೆ ಒಂದು ದುಂಡು ತಟ್ಟೆ ಮುಚ್ಚಿ. ಯಾವುದಾದರೂ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಲಾಳಿಕೆಯ ಅಳತೆಗೆ ಕತ್ತರಿಸಿ, ನಡುವೆ ಕಾಂಡ ಹಿಡಿಸುವ ತೂತು, ಅಂಚಿನಿಂದ ತೂತಿನವರೆಗೆ ಒಂದು ಸೀಳು ಮಾಡಿದರೆ ಗಿಡ ಎತ್ತದೆಯೇ ಹಾಕಿ ತೆಗೆಯಬಹುದು. ನೀರಿನ ಮಟ್ಟ ನೋಡಲು ಪಾರದರ್ಶಕ ಪಟ್ಟಿ ಬಿಡಬೇಡಿ. ಬಿಡಲೇಬೇಕೆಂದರೆ ಕಿಟಕಿಗೆ ಬೆನ್ನಾದ ಬದಿಯಲ್ಲಿ ಒಂದು ಸೆಂಟಿಮೀಟರ್ ಅಗಲ ಬಿಟ್ಟು, ಮೇಲೆ ಟೇಪಿನ ಬಾಗಿಲು ಹಾಕಿ. ನಾನಂತೂ ಅಂಚಿನಲ್ಲಿ ಒಂದು ತೆಳು ಬಿದಿರು ಕಡ್ಡಿ ಇಳಿಸಿ ಎಷ್ಟು ಒದ್ದೆಯಾಯಿತು ನೋಡುತ್ತೇನೆ. ಎಲ್ಲ ಮುಗಿದ ಮೇಲೆ ಮತ್ತೆ ಟಾರ್ಚ್ ಪರೀಕ್ಷೆ. ಸೂಜಿಮೊನೆಯಷ್ಟು ಬೆಳಕು ಒಂದೆರಡು ಕಡೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಜಾಗ ಪೂರ್ತಿ ಹೊಳೆಯುತ್ತಿದ್ದರೆ ಇನ್ನೊಂದು ಪದರ ಬೇಕು.

ನೀರಿನ ಮಟ್ಟದಲ್ಲೂ ನೀವು ತಪ್ಪುತ್ತಿರಬಹುದು ಅಂತ ನನ್ನ ಅನುಮಾನ. ಮೂರು ದಿನಕ್ಕೊಮ್ಮೆ ಬದಲಿಸುವವರು ಪ್ರತಿ ಸಲ ಕತ್ತಿನವರೆಗೆ ತುಂಬುತ್ತಾರೆ. ಪಂಪಿಲ್ಲದ ಈ ವಿಧಾನವನ್ನು ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಬೆಳೆಸಿದರು, ಅವರ ಹೆಸರಿನಿಂದಲೇ ಕರೆಯುತ್ತಾರೆ. ಅದರ ಜೀವಾಳ ನೀರು ಇಳಿಯುವುದರಲ್ಲಿದೆ. ಶುರುವಿನಲ್ಲಿ ನೀರು ಲಾಳಿಕೆಯ ಬಾಯಿಗೆ ಒಂದು ಸೆಂಟಿಮೀಟರ್ ತಾಗುವಷ್ಟಿರಬೇಕು. ಗಿಡ ಕುಡಿದಂತೆ ಮಟ್ಟ ಇಳಿಯುತ್ತದೆ, ನೀರಿಗೂ ಲಾಳಿಕೆಗೂ ನಡುವೆ ಗಾಳಿ ತುಂಬುತ್ತದೆ. ಆ ತೇವದ ಗಾಳಿಯಲ್ಲಿ ಬೇರಿನ ಮೇಲ್ಭಾಗ ಕವಲೊಡೆದು, ಸಣ್ಣ ಬಿಳಿ ರೋಮಗಳನ್ನು ಬಿಡುತ್ತದೆ. ಉಸಿರಾಡುವ ಬೇರು ಅದೇ. ಒಂದು ದಿನ ನೀವು ಕತ್ತಿನವರೆಗೆ ನೀರು ತುಂಬಿದರೆ ಆ ಬೇರೆಲ್ಲ ಮುಳುಗುತ್ತದೆ. ಮಾರನೆಯ ದಿನ ಬುಡದಲ್ಲಿ ನೀರಿದ್ದೂ ಎಲೆ ಜೋತುಬೀಳುತ್ತದೆ. ಬಾಯಾರಿದೆ ಅಂದುಕೊಂಡು ಜನ ಇನ್ನಷ್ಟು ತುಂಬುತ್ತಾರೆ.

ಹಾಗಾಗಿ ನೀರು ಮುಕ್ಕಾಲು ಪಾಲು ಖಾಲಿಯಾದಾಗ ಅರ್ಧದವರೆಗೆ ಮಾತ್ರ ತುಂಬಿ. ಮೇಲಿನ ಅರ್ಧ ಯಾವತ್ತೂ ಗಾಳಿಗೇ ಇರಲಿ. ನನ್ನ ಬಾಟಲಿಗಳಲ್ಲಿ ಮೊದಲ ವಾರ ಪುದೀನಾ ಏನೂ ಕುಡಿಯುವುದಿಲ್ಲ ಅನ್ನಿಸುತ್ತದೆ. ಪೊದೆಯಾದ ಮೇಲೆ ದಿನಕ್ಕೆ ಅರ್ಧ ಲೋಟ ಎಳೆಯುತ್ತದೆ. ಬಾಟಲಿ ಕತ್ತಲೆಯಾಗಿದ್ದರೆ ಪೂರ್ತಿ ನೀರು ಬದಲಿಸುವುದು ಮೂರು ನಾಲ್ಕು ವಾರಕ್ಕೊಮ್ಮೆ ಸಾಕು.

ಪೋಷಕಾಂಶದ ಅಳತೆ ಬಹಳ ಸರಳ. ಡಬ್ಬಿಯ ಮೇಲೆ ಬರೆದ ಪ್ರಮಾಣದ ಅರ್ಧದಿಂದ ಶುರು ಮಾಡಿ. ಎರಡು ಜೋಡಿ ಹೊಸ ಎಲೆ ಬಂದ ಮೇಲೆ ಮುಕ್ಕಾಲಿಗೆ ಏರಿಸಿ, ಪುದೀನಾಗೆ ಅಲ್ಲಿಗೇ ನಿಲ್ಲಿಸಬಹುದು. ನೀರಿನಲ್ಲಿ ಗೊಬ್ಬರ ಎಷ್ಟು ಕರಗಿದೆ ಅಂತ ತೋರಿಸುವ ಇಸಿ ಮೀಟರ್ ಇದ್ದರೆ ನಾನು ಪುದೀನಾಗೆ ಇಟ್ಟುಕೊಳ್ಳುವುದು ಸೆಂಟಿಮೀಟರಿಗೆ 1.2 ರಿಂದ 1.6 ಮಿಲಿಸೀಮನ್ಸ್, ಪಾಲಕ್‌ಗೆ 1.6 ರಿಂದ 2. ಪಿಎಚ್ ಎರಡಕ್ಕೂ 6ರ ಆಸುಪಾಸು. ಮೊದಲು ಎ ಹಾಕಿ ಚೆನ್ನಾಗಿ ಕದಡಿ, ಆಮೇಲೆ ಬಿ. ಎರಡೂ ಗಟ್ಟಿ ದ್ರಾವಣಗಳನ್ನು ನೇರವಾಗಿ ಸೇರಿಸಿದರೆ ಒಂದರ ಕ್ಯಾಲ್ಸಿಯಂ ಇನ್ನೊಂದರ ಫಾಸ್ಫೇಟ್, ಸಲ್ಫೇಟ್ ಜೊತೆ ಕೂಡಿ ಬಿಳಿ ಗಸಿಯಾಗಿ ತಳ ಸೇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಮಧ್ಯೆ ನೀರು ಸೇರಿಸುವಾಗ ಒಂದು ಸಲ ಸಾದಾ ನೀರು, ಇನ್ನೊಂದು ಸಲ ಅರ್ಧ ಪ್ರಮಾಣದ ದ್ರಾವಣ ಹಾಕಿ. ಸೆಕೆ ಇರುವಾಗ ಗಿಡ ಗೊಬ್ಬರಕ್ಕಿಂತ ನೀರನ್ನೇ ಹೆಚ್ಚು ಕುಡಿಯುತ್ತದೆ, ಉಳಿದ ದ್ರಾವಣ ಗಟ್ಟಿಯಾಗುತ್ತಾ ಹೋಗುತ್ತದೆ. ಎಲೆಯಂಚು ಕಂದಾಗಿ ಗರಿಗರಿಯಾದರೆ ಅದೇ ಕಾರಣ.

ಯೂರಿಯಾ ಇರುವ ಮಣ್ಣಿನ ಗೊಬ್ಬರವನ್ನು ಕರಗಿಸಿ ಬಾಟಲಿಗೆ ಹಾಕುವವರಿದ್ದಾರೆ. ಅದು ಬೇಡ. ಮಣ್ಣಿನಲ್ಲಿ ಯೂರಿಯಾವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುವ ಸೂಕ್ಷ್ಮಜೀವಿಗಳಿರುತ್ತವೆ, ಬಾಟಲಿಯ ನೀರಿನಲ್ಲಿ ಅವು ಸಾಕಷ್ಟಿರುವುದಿಲ್ಲ. ಪಾಚಿಯಾದರೋ ಅದನ್ನೂ ಬಳಸಿಕೊಳ್ಳುತ್ತದೆ. ಪಾಚಿಗೆ ಅಂತ ತಾಮ್ರದ ನಾಣ್ಯ, ಮೈಲುತುತ್ತು, ಉಪ್ಪು ಹಾಕುವ ಸಲಹೆಗಳೂ ಓಡಾಡುತ್ತವೆ. ಪಾಚಿ ಸಾಯುವಷ್ಟು ತಾಮ್ರ ಎಳೆ ಬೇರಿಗೂ ಪೆಟ್ಟು ಕೊಡುತ್ತದೆ, ಅದೂ ತಿನ್ನುವ ಸೊಪ್ಪಿನ ನೀರಿಗೆ. ದಯವಿಟ್ಟು ಮಾಡಬೇಡಿ.

ಪಾಲಕ್ ಬಗ್ಗೆ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಬಾಟಲಿಗೆ ಪುದೀನಾ ಒಗ್ಗಿದಷ್ಟು ಪಾಲಕ್ ಒಗ್ಗುವುದಿಲ್ಲ. ಪುದೀನಾ ಸಣ್ಣ ತಪ್ಪುಗಳನ್ನು ಸಹಿಸುತ್ತದೆ, ಪಾಲಕ್ ಬೇರಿಗೆ ಶಾಖ ಮತ್ತು ಉಸಿರುಗಟ್ಟುವಿಕೆ ಎರಡೂ ಆಗುವುದಿಲ್ಲ. ನೀರು 25 ಡಿಗ್ರಿ ದಾಟುವ ದಿನಗಳಲ್ಲಿ ಅದರ ಬೇರು ಕೊಳೆಯುವ ಸಾಧ್ಯತೆ ಬಹಳ. ಬೀಜ ಕೂಡ 30 ಡಿಗ್ರಿ ಮೇಲೆ ಸರಿಯಾಗಿ ಮೊಳೆಯುವುದಿಲ್ಲ. ತಂಪು ಕಾಲದಲ್ಲಿ ಮಾತ್ರ ಹಾಕಿ, ಎರಡು ಲೀಟರಿನ ಬಾಟಲಿಗೆ ಒಂದೇ ಗಿಡ. ಸ್ಪಾಂಜಿನ ಸೀಳಿನಲ್ಲಿ ಎರಡು ಮೂರು ಬೀಜ ಇಟ್ಟು, ಮೊಳೆತ ಮೇಲೆ ಗಟ್ಟಿಯಾದದ್ದೊಂದನ್ನು ಉಳಿಸಿಕೊಂಡು ಉಳಿದವನ್ನು ಕತ್ತರಿಸಿ. ಕಿತ್ತರೆ ಪಕ್ಕದ ಬೇರು ಹರಿಯುತ್ತದೆ. ಮೊಳೆಯುವ ಆ ದಿನಗಳಲ್ಲಿ ಸ್ಪಾಂಜು ಬೆಳಕಿಗೆ ತೆರೆದಿರುತ್ತದೆ, ಪಾಚಿ ಅಲ್ಲೇ ಶುರುವಾಗುತ್ತದೆ. ಮೊಳಕೆ ಮೇಲೆದ್ದ ಕೂಡಲೇ ಸೀಳು ತಟ್ಟೆ ಮುಚ್ಚಿಬಿಡಿ. ಎಲೆ ಅಂಗೈಯಷ್ಟಾದಾಗ ಹೊರಗಿನವನ್ನು ಮಾತ್ರ ಕೊಯ್ಯಿರಿ. ನಡುವಿನಿಂದ ದಂಟು ಉದ್ದವಾಗಿ ಏಳಲು ಶುರುವಾದರೆ ಅದು ಹೂವಿಗೆ ಹೊರಟಿದೆ ಅಂತ ಅರ್ಥ. ಹಗಲು ದೀರ್ಘವಾದಾಗ, ಸೆಕೆ ಏರಿದಾಗ ಹೀಗಾಗುತ್ತದೆ. ಅಲ್ಲಿಗೆ ಪೂರ್ತಿ ಕೊಯ್ದು ಮುಗಿಸಿ.

ಈಗ ನಿಮ್ಮ ಹತ್ತಿರ ಇರುವ ಹಸಿರು ನೀರನ್ನು ಮೋರಿಗೆ ಅಥವಾ ಕೆರೆಗೆ ಚೆಲ್ಲಬೇಡಿ, ಅಲ್ಲೂ ಅದರ ಗೊಬ್ಬರ ಪಾಚಿಯನ್ನೇ ಬೆಳೆಸುತ್ತದೆ. ಅಷ್ಟೇ ಸಾದಾ ನೀರು ಬೆರೆಸಿ ಮಣ್ಣಿನ ಕುಂಡಗಳಿಗೆ ಹಾಕಿ, ಅಲ್ಲಿ ಪಾಚಿ ಕೊಳೆತರೂ ಗಿಡಕ್ಕೇ ಸೇರುತ್ತದೆ. ಬೇರಿಗೆ ಕೊಳೆರೋಗ ಕಂಡ ಬಾಟಲಿಯ ನೀರನ್ನು ಮಾತ್ರ ಸೊಪ್ಪಿನ ಸಸಿಗಳ ಹತ್ತಿರ ಒಯ್ಯಬೇಡಿ, ದೊಡ್ಡ ಮರದ ಬುಡಕ್ಕೆ ಸುರಿಯಿರಿ.